‘ಕೈಲಾದಷ್ಟು’ ಎಂಬ ಪದವನ್ನು ತೆಗೆದ ಮೇಲೆ

ಒಂದು ಪತ್ರವನ್ನು ಓದುವುದರಿಂದಲೇ ಆರಂಭಿಸುತ್ತೇನೆ. ದಾವಣಗೆರೆಯ ಒಂದು ಪದವಿ ಕಾಲೇಜಿನ ಚರ್ಚಾ ಸಂಘದ ವಿದ್ಯಾರ್ಥಿಗಳು ತಮ್ಮ ಅಂತರ-ಕಾಲೇಜು ರಸಪ್ರಶ್ನೆ ಮತ್ತು ಚರ್ಚಾ ಸ್ಪರ್ಧೆಗೆ ಪ್ರಾಯೋಜಕರನ್ನು ಹುಡುಕುತ್ತ, ಬಳಸಿದ ಲ್ಯಾಪ್‌ಟಾಪ್‌ಗಳನ್ನು ಮಾರುವ ಮತ್ತು ರಿಪೇರಿ ಮಾಡುವ ಒಂದು ಅಂಗಡಿಗೆ ಬರೆದ ಪತ್ರವಿದು. ನಾನು ಆ ಸಂಘದ ಸಲಹೆಗಾರನಾಗಿದ್ದೆ. ಪತ್ರಕ್ಕೆ ಕಣ್ಣಾಡಿಸಿ ಸಹಿ ಹಾಕಿದವನೂ ನಾನೇ ಆದ್ದರಿಂದ, ಮುಂದೆ ಹೇಳುವ ತಪ್ಪುಗಳಲ್ಲಿ ನನಗೂ ಪಾಲಿದೆ.

“ವಿಷಯ: ಧನಸಹಾಯ ಕೋರಿ. ಮಾನ್ಯರೇ, ಈ ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಮ್ರವಾಗಿ ವಿನಂತಿಸಿಕೊಳ್ಳುವುದೇನೆಂದರೆ, ನಮ್ಮ ಸಂಘವು ಪ್ರತಿ ವರ್ಷದಂತೆ ಈ ವರ್ಷವೂ ರಾಜ್ಯಮಟ್ಟದ ಬೃಹತ್ ರಸಪ್ರಶ್ನೆ ಮತ್ತು ಚರ್ಚಾ ಸ್ಪರ್ಧೆಯನ್ನು ಅದ್ದೂರಿಯಾಗಿ ಹಮ್ಮಿಕೊಂಡಿದ್ದು, ಸಾವಿರಾರು ವಿದ್ಯಾರ್ಥಿಗಳು ಭಾಗವಹಿಸುವ ನಿರೀಕ್ಷೆಯಿದೆ. ಕಾರ್ಯಕ್ರಮಕ್ಕೆ ಅಪಾರ ಹಣದ ಅವಶ್ಯಕತೆಯಿದ್ದು, ವಿದ್ಯಾರ್ಥಿಗಳಾದ ನಮಗೆ ಅದನ್ನು ಭರಿಸುವ ಶಕ್ತಿಯಿಲ್ಲ. ಆದ್ದರಿಂದ ಉದಾರ ಮನಸ್ಸಿನವರಾದ ತಾವು ತಮ್ಮ ಸಿಎಸ್‌ಆರ್ ನಿಧಿಯಿಂದ ಕೈಲಾದಷ್ಟು ಧನಸಹಾಯ ಮಾಡಿ ಪ್ರೋತ್ಸಾಹಿಸಬೇಕೆಂದು ಕೋರುತ್ತೇವೆ. ಇದರಿಂದ ತಮ್ಮ ಸಂಸ್ಥೆಗೆ ಉತ್ತಮ ಪ್ರಚಾರ ದೊರೆಯಲಿದೆ.”

ಅಂಗಡಿಯವರು ಪತ್ರವನ್ನು ನಿಂತಲ್ಲಿಯೇ ಓದಿದರು, ಹುಡುಗರಿಗೆ ಚಹಾ ಕೊಡಿಸಿದರು, ಗಲ್ಲಾಪೆಟ್ಟಿಗೆಯಿಂದ 501 ರೂಪಾಯಿ ತೆಗೆದುಕೊಟ್ಟು “ಒಳ್ಳೆಯದಾಗಲಿ” ಎಂದು ಹರಸಿ ಕಳುಹಿಸಿದರು. ಆ ಕೊನೆಯ ಒಂದು ರೂಪಾಯಿಯನ್ನು ನೀವು ಗಮನಿಸಬೇಕು. ಗಣೇಶೋತ್ಸವಕ್ಕೆ ರಸೀದಿ ಪುಸ್ತಕ ಹಿಡಿದು ಬರುವವರಿಗೆ, ಊರ ಹಬ್ಬಕ್ಕೆ, ಗುಡಿಯ ಜೀರ್ಣೋದ್ಧಾರಕ್ಕೆ ಕೊಡುವ ಮೊತ್ತಗಳು ಹೀಗೆ ಒಂದರಲ್ಲಿ ಮುಗಿಯುತ್ತವೆ. ಅವರು ನಮ್ಮ ಪತ್ರವನ್ನು ಓದಿ, ಅದು ಯಾವ ಜಾತಿಯದೆಂದು ಸರಿಯಾಗಿಯೇ ಗುರುತಿಸಿ, ಆ ಜಾತಿಗೆ ಸಲ್ಲುವಷ್ಟನ್ನು ಸಲ್ಲಿಸಿದ್ದರು. ಪ್ರಾಯೋಜಕತ್ವವನ್ನು ಕೇಳಲು ಹೋಗಿ ನಾವು ಚಂದಾ ಎತ್ತಿಕೊಂಡು ಬಂದಿದ್ದೆವು.

ಪತ್ರದಲ್ಲಿ ವ್ಯಾಕರಣದ ದೋಷವಿರಲಿಲ್ಲ, ವಿನಯದ ಕೊರತೆಯೂ ಇರಲಿಲ್ಲ. ನಮ್ಮ ಶಾಲೆಗಳಲ್ಲಿ ಪತ್ರಲೇಖನವೆಂದು ಕಲಿಸುವುದು ಬಹುಪಾಲು ಅರ್ಜಿಯನ್ನು. ಜ್ವರ ಬಂದರೆ ಮುಖ್ಯೋಪಾಧ್ಯಾಯರಿಗೆ ರಜಾ ಅರ್ಜಿ, ಬಸ್ಸು ಬಾರದಿದ್ದರೆ ಡಿಪೋ ವ್ಯವಸ್ಥಾಪಕರಿಗೆ ಮನವಿ, ಬೀದಿದೀಪ ಕೆಟ್ಟರೆ ಪಾಲಿಕೆಯ ಆಯುಕ್ತರಿಗೆ ದೂರು. ಅರ್ಜಿಯಲ್ಲಿ ಬರೆಯುವವನು ಕೆಳಗೆ, ಓದುವವನು ಮೇಲೆ. ಕೊಡುವ ಅಧಿಕಾರ ಅವನದು, ನಮ್ಮ ಕಷ್ಟವನ್ನು ವಿವರಿಸುವುದಷ್ಟೇ ನಮ್ಮ ಕೆಲಸ. ಅದೇ ಅಚ್ಚಿನಲ್ಲಿ ಅಂಗಡಿಯವರಿಗೆ ಬರೆದರೆ ನಮ್ಮ ಕಷ್ಟ ಮಾತ್ರ ಅವರಿಗೆ ತಲುಪುತ್ತದೆ. ಅವರಿಗೇನು ಸಿಗುತ್ತದೆ ಎಂಬುದಕ್ಕೆ ಅರ್ಜಿಯಲ್ಲಿ ಜಾಗವೇ ಇಲ್ಲದ ಕಾರಣ ಅದು ಕೊನೆಯ ಸಾಲಿನಲ್ಲಿ ‘ಉತ್ತಮ ಪ್ರಚಾರ’ ಎಂಬ ಎರಡು ಪದಗಳಲ್ಲಿ ಮುಗಿದುಹೋಗುತ್ತದೆ.

ಮೊದಲು ಸಂಖ್ಯೆಯನ್ನು ನೋಡೋಣ. ‘ಸಾವಿರಾರು ವಿದ್ಯಾರ್ಥಿಗಳು’ ಎಂದು ಬರೆದಿದ್ದೆವು. ಆ ಅಂಗಡಿಯ ಯಜಮಾನರು ನಮ್ಮ ಕಾಲೇಜಿನಲ್ಲಿಯೇ ಬಿ.ಕಾಂ. ಓದಿದವರು, ನಮ್ಮ ಸಭಾಂಗಣದಲ್ಲಿ 320 ಕುರ್ಚಿಗಳಿರುವುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಮೊದಲನೆಯ ವಾಕ್ಯದಲ್ಲಿಯೇ ಸುಳ್ಳು ಸಿಕ್ಕಿದ ಮೇಲೆ ಉಳಿದುದನ್ನು ಯಾರು ನಂಬುತ್ತಾರೆ? ಆಮೇಲೆ ನಾವು ಹಿಂದಿನ ವರ್ಷದ ನೋಂದಣಿ ಪುಸ್ತಕವನ್ನು ತೆಗೆಸಿ ಎಣಿಸಿದೆವು. ಇಬ್ಬರು ಸದಸ್ಯರ 96 ತಂಡಗಳು, ಅಂದರೆ 192 ವಿದ್ಯಾರ್ಥಿಗಳು, 17 ಕಾಲೇಜುಗಳಿಂದ ಬಂದಿದ್ದರು. ಹದಿನೈದು ಕಾಲೇಜುಗಳು ದಾವಣಗೆರೆ, ಹರಿಹರ, ಹೊನ್ನಾಳಿ, ಚನ್ನಗಿರಿ, ಜಗಳೂರು ಕಡೆಯವು. ಒಂದು ಚಿತ್ರದುರ್ಗದ್ದು, ಇನ್ನೊಂದು ರಾಣೆಬೆನ್ನೂರಿನದು. ‘ರಾಜ್ಯಮಟ್ಟದ’ ಎಂಬ ವಿಶೇಷಣಕ್ಕೆ ಆಧಾರವಾಗಿದ್ದವು ಆ ಎರಡು ಕಾಲೇಜುಗಳು.

ಸಂಖ್ಯೆ ಕುಗ್ಗಿದ್ದನ್ನು ಕಂಡು ಹುಡುಗರ ಮುಖವೂ ಕುಗ್ಗಿತು. ಆದರೆ ಅದೇ ಪುಸ್ತಕದಲ್ಲಿ ತರಗತಿಯ ಕಾಲಂ ಒಂದಿತ್ತು. ಅದನ್ನೂ ಎಣಿಸಿದಾಗ, ಬಂದ 192 ಮಂದಿಯಲ್ಲಿ 118 ಮಂದಿ ಬಿ.ಸಿ.ಎ. ಮತ್ತು ಬಿ.ಕಾಂ.ನ ಕೊನೆಯ ವರ್ಷದವರೆಂದು ತಿಳಿಯಿತು. ಪ್ರಾಜೆಕ್ಟ್ ವರದಿ ಮಾಡಬೇಕಾದವರು, ಕೆಲವೇ ತಿಂಗಳಲ್ಲಿ ಕೆಲಸಕ್ಕೆ ಅರ್ಜಿ ಹಾಕುವವರು, ಹೊಸ ಲ್ಯಾಪ್‌ಟಾಪ್‌ಗೆ ಮನೆಯಲ್ಲಿ ಹಣ ಕೇಳಲು ಹಿಂಜರಿಯುವವರು ಇವರೇ. ಬಳಸಿದ ಲ್ಯಾಪ್‌ಟಾಪ್ ಮಾರುವವರಿಗೆ ‘ಸಾವಿರಾರು ವಿದ್ಯಾರ್ಥಿಗಳು’ ಎನ್ನುವುದಕ್ಕಿಂತ ‘ಕೊನೆಯ ವರ್ಷದ 118 ಮಂದಿ’ ಎನ್ನುವುದು ಎಷ್ಟೋ ಮೇಲು. ಒಂದು ಎಚ್ಚರಿಕೆಯೂ ಇದೆ: ಇದೇ 118ನ್ನು ಬಟ್ಟೆ ಅಂಗಡಿಗೆ ಬರೆದ ಪತ್ರದಲ್ಲಿ ಹಾಕಿದರೆ ಅದಕ್ಕೆ ಅರ್ಥವಿಲ್ಲ. ಪುಸ್ತಕ ಒಂದೇ ಆದರೂ ಯಾರಿಗೆ ಬರೆಯುತ್ತಿದ್ದೇವೆ ಎಂಬುದನ್ನು ನೋಡಿ ಅದರಿಂದ ಬೇರೆ ಬೇರೆ ಸಾಲುಗಳನ್ನು ಎತ್ತಬೇಕು. ಹೆಸರನ್ನಷ್ಟೇ ಬದಲಿಸಿ ನಲವತ್ತು ಅಂಗಡಿಗಳಿಗೆ ಒಂದೇ ಪತ್ರ ಹಂಚುವ ನಮ್ಮ ಅಭ್ಯಾಸ ಇಲ್ಲಿಯೇ ಸೋಲುತ್ತದೆ.

ಎರಡನೆಯದು ಸಿಎಸ್‌ಆರ್, ಅಂದರೆ ಕಂಪನಿಗಳು ತಮ್ಮ ಲಾಭದ ಒಂದು ಪಾಲನ್ನು ಸಮಾಜದ ಕೆಲಸಗಳಿಗೆ ಖರ್ಚು ಮಾಡಬೇಕೆಂಬ ಹೊಣೆ. ಈ ಮೂರಕ್ಷರಗಳು ವಿದ್ಯಾರ್ಥಿಗಳ ಪತ್ರಗಳಲ್ಲಿ ಈಗ ಎಲ್ಲೆಲ್ಲಿಯೂ ಕಾಣುತ್ತವೆಯಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ಈ ಹೊಣೆ ಬರುವುದು ಕಂಪನಿಗಳಿಗೆ, ಅದರಲ್ಲಿಯೂ ಹಿಂದಿನ ಹಣಕಾಸು ವರ್ಷದಲ್ಲಿ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, ಅಥವಾ 1,000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿಗಳಿಗೆ ಮಾತ್ರ. ಬಸ್ ನಿಲ್ದಾಣದ ಬಳಿ ಇಬ್ಬರು ಹುಡುಗರನ್ನು ಇಟ್ಟುಕೊಂಡು ಅಂಗಡಿ ನಡೆಸುವವರಿಗೆ ‘ತಮ್ಮ ಸಿಎಸ್‌ಆರ್ ನಿಧಿಯಿಂದ’ ಎಂದು ಬರೆದರೆ, ಅವರು ಯಾರೆಂದು ನಾವು ಅರೆಗಳಿಗೆಯೂ ಯೋಚಿಸಿಲ್ಲವೆಂದು ಅವರೇ ಓದಿ ತಿಳಿಯುತ್ತಾರೆ.

ದೊಡ್ಡ ಕಂಪನಿಗೆ ಬರೆಯುವಾಗಲೂ ಇದರಲ್ಲಿ ಒಂದು ಕೊಕ್ಕೆಯಿದೆ. 2021ರ ಜನವರಿಯಲ್ಲಿ ತಿದ್ದುಪಡಿಯಾದ ಸಿಎಸ್‌ಆರ್ ನಿಯಮಗಳು, ಕಂಪನಿಯು ತನ್ನ ಸರಕು ಅಥವಾ ಸೇವೆಗೆ ಮಾರುಕಟ್ಟೆಯ ಲಾಭ ಪಡೆಯಲು ಪ್ರಾಯೋಜಕತ್ವದ ರೂಪದಲ್ಲಿ ಬೆಂಬಲಿಸುವ ಚಟುವಟಿಕೆಗಳನ್ನು ಸಿಎಸ್‌ಆರ್ ಎಂಬ ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ಹಾಗಾಗಿ ಒಂದೇ ಪತ್ರದಲ್ಲಿ ‘ಸಿಎಸ್‌ಆರ್ ನಿಧಿಯಿಂದ ಕೊಡಿ, ಪ್ರತಿಯಾಗಿ ವೇದಿಕೆಯ ಮೇಲೆ ತಮ್ಮ ಉತ್ಪನ್ನದ ಪ್ರಚಾರ ಮಾಡುತ್ತೇವೆ’ ಎಂದು ಬರೆದರೆ, ಮೊದಲನೆಯ ಮಾತನ್ನು ಎರಡನೆಯ ಮಾತೇ ಕೆಡಿಸುತ್ತದೆ. ನಮ್ಮ ಸ್ಪರ್ಧೆಯಂಥ ಕಾರ್ಯಕ್ರಮಕ್ಕೆ ಹಣ ಬರುವುದಾದರೆ ಅದು ಜಾಹೀರಾತಿನ ಖರ್ಚಿನ ಬಾಬತ್ತಿನಿಂದ ಬರುತ್ತದೆ, ಆ ಬಾಬತ್ತನ್ನು ನೋಡಿಕೊಳ್ಳುವವರೂ ಬೇರೆ. ‘ತೆರಿಗೆ ವಿನಾಯಿತಿ ಇದೆ’ ಎಂಬ ಸಾಲನ್ನು ಕೂಡ ಅಭ್ಯಾಸಬಲದಿಂದ ಬರೆಯಬೇಡಿ. ಆ ವಿನಾಯಿತಿ ಅದಕ್ಕೆ ಅನುಮೋದನೆ ಪಡೆದ ಸಂಸ್ಥೆಗೆ ಕೊಟ್ಟ ದೇಣಿಗೆಗೆ ಸಿಗುವಂಥದು. ವಿದ್ಯಾರ್ಥಿ ಸಂಘಕ್ಕೆ ಅಂಥ ಅನುಮೋದನೆ ಸಾಮಾನ್ಯವಾಗಿ ಇರುವುದಿಲ್ಲ.

ಇನ್ನು ಹಣದ ಮಾತಿಗೆ ಬರೋಣ. ‘ಅಪಾರ ಹಣದ ಅವಶ್ಯಕತೆ’ ಎಂದು ಬರೆದ ನಮ್ಮ ಸಂಘದ ಕಾರ್ಯದರ್ಶಿಯನ್ನು “ಅಪಾರ ಅಂದರೆ ಎಷ್ಟಪ್ಪಾ?” ಎಂದು ಕೇಳಿದೆ. ಆತನಿಗೆ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಆ ಸಂಜೆ ಕುಳಿತು ಲೆಕ್ಕ ಹಾಕಿದೆವು. ಬಹುಮಾನಕ್ಕೆ 20,000, ಸ್ಪರ್ಧಿಗಳು, ತೀರ್ಪುಗಾರರು, ಸ್ವಯಂಸೇವಕರು ಸೇರಿ 230 ಊಟಕ್ಕೆ ತಲಾ 90ರಂತೆ 20,700, ಪ್ರಮಾಣಪತ್ರ ಮತ್ತು ಫಲಕಗಳಿಗೆ 9,300, ತೀರ್ಪುಗಾರರ ಗೌರವಧನ ಮತ್ತು ಪ್ರಯಾಣಕ್ಕೆ 8,000, ಬ್ಯಾನರ್ ಮತ್ತು ಧ್ವನಿವರ್ಧಕಕ್ಕೆ 6,000. ಒಟ್ಟು 64,000 ರೂಪಾಯಿ. ತಂಡಕ್ಕೆ 200 ರೂಪಾಯಿ ಪ್ರವೇಶ ಶುಲ್ಕದಂತೆ ನೂರು ತಂಡಗಳಿಂದ 20,000 ಬರುತ್ತದೆ, ಕಾಲೇಜಿನ ವಿದ್ಯಾರ್ಥಿ ನಿಧಿ 19,000 ಕೊಡುತ್ತದೆ. ನಿಜವಾಗಿ ಕೊರತೆಯಿದ್ದದ್ದು 25,000.

ಈ ಲೆಕ್ಕವನ್ನು ಪತ್ರದ ಜೊತೆಗೇ ಇಟ್ಟರೆ ಎರಡು ಕೆಲಸಗಳಾಗುತ್ತವೆ. ಖರ್ಚಿನ ಅರ್ಧಕ್ಕಿಂತ ಹೆಚ್ಚನ್ನು ನಾವೇ ಹೊಂದಿಸಿಕೊಂಡಿದ್ದೇವೆಂದು ಓದುವವರಿಗೆ ಗೊತ್ತಾಗುತ್ತದೆ. ‘ನಮಗೆ ಭರಿಸುವ ಶಕ್ತಿಯಿಲ್ಲ’ ಎಂಬ ವಾಕ್ಯ ತಾನಾಗಿಯೇ ಬಿದ್ದುಹೋಗುತ್ತದೆ, ಏಕೆಂದರೆ ಅದು ನಿಜವೇ ಆಗಿರಲಿಲ್ಲ. ಎರಡನೆಯದಾಗಿ, ಕೇಳಬೇಕಾದ ಮೊತ್ತ ಯಾವುದೆಂದು ನಮಗೇ ಗೊತ್ತಾಗುತ್ತದೆ. ‘ಕೈಲಾದಷ್ಟು’ ಎಂಬ ಪದ ಕೇಳಲು ವಿನಯದ ಮಾತಿನಂತಿದ್ದರೂ, ಬೆಲೆ ಕಟ್ಟುವ ಕೆಲಸವನ್ನು ಎದುರಿನವರ ತಲೆಗೆ ಹಾಕುತ್ತದೆ. ಅವರ ಕೈಯಲ್ಲಿ ಆಗುವಷ್ಟು ಎಂದರೆ ಆ ದಿನದ ಮಟ್ಟಿಗೆ ಗಲ್ಲಾಪೆಟ್ಟಿಗೆಯಲ್ಲಿ ಚಿಲ್ಲರೆಯಾಗಿ ಇದ್ದಷ್ಟು. ನಾವು ಲ್ಯಾಪ್‌ಟಾಪ್ ಅಂಗಡಿಯವರಿಂದ 15,000, ಪುಸ್ತಕದ ಅಂಗಡಿಯೊಂದರಿಂದ 10,000 ಕೇಳುವುದೆಂದು ನಿರ್ಧರಿಸಿದೆವು.

ಹದಿನೈದು ಸಾವಿರವನ್ನು ಅವರು ಯಾವ ತಕ್ಕಡಿಯಲ್ಲಿ ತೂಗುತ್ತಾರೆ? ಪತ್ರಿಕೆಯೊಳಗೆ ಕರಪತ್ರ ಸೇರಿಸಿ ಹಂಚಲು ಎಷ್ಟು, ಆಟೋದ ಹಿಂಬದಿಗೆ ಜಾಹೀರಾತು ಅಂಟಿಸಲು ಎಷ್ಟು ಎಂಬುದು ಅವರಿಗೆ ಬಾಯಿಪಾಠ. ಒಂದು ಲ್ಯಾಪ್‌ಟಾಪ್‌ನ ಮೇಲೆ ಎರಡೂವರೆ ಸಾವಿರ ಉಳಿಯುತ್ತದೆಂದು ಇಟ್ಟುಕೊಂಡರೆ ಆರು ಲ್ಯಾಪ್‌ಟಾಪ್ ಮಾರಿದಾಗ ಈ ಹಣ ಹಿಂದಿರುಗುತ್ತದೆ. ಈ ಲೆಕ್ಕವನ್ನು ನೀವು ಮನಸ್ಸಿನಲ್ಲಿ ಮಾಡಿಕೊಳ್ಳಬೇಕು, ಆದರೆ ಪತ್ರದಲ್ಲಿ ಬರೆಯಬಾರದು. ಅವರ ಲಾಭ ಎಷ್ಟೆಂದು ಹೇಳಲು ನಾವು ಯಾರು? ಆರು ಮಾರಾಟವಾಗುತ್ತವೆಂದು ಭರವಸೆ ಕೊಡಲಂತೂ ನಮಗೆ ಅಧಿಕಾರವಿಲ್ಲ. ನಮ್ಮ ಕೈಯಲ್ಲಿರುವುದು ಜಾಗ, ಸಮಯ ಮತ್ತು ಬರುವ ಜನ. ಅವುಗಳನ್ನು ಮಾತ್ರ ಕೊಡುತ್ತೇವೆಂದು ಹೇಳಬಹುದು.

ಹುಡುಗರು ಮೊದಲು ಬರೆದುಕೊಂಡು ಬಂದ ಪಟ್ಟಿಯಲ್ಲಿ ಹನ್ನೊಂದು ಅಂಶಗಳಿದ್ದವು: ಬ್ಯಾನರಿನಲ್ಲಿ ಲಾಂಛನ, ಆಹ್ವಾನಪತ್ರಿಕೆಯಲ್ಲಿ ಲಾಂಛನ, ವೇದಿಕೆಯ ಮೇಲೆ ಸನ್ಮಾನ, ಶಾಲು, ಹಾರ, ಸಾಮಾಜಿಕ ಜಾಲತಾಣದಲ್ಲಿ ಪ್ರಚಾರ ಹೀಗೆ. ಬ್ಯಾನರಿನಲ್ಲಿ ಒಂಬತ್ತು ಲಾಂಛನಗಳ ನಡುವೆ ಹತ್ತನೆಯದಾಗಿ ಕೂರುವುದರಿಂದ ಯಾರಿಗೂ ಏನೂ ಆಗುವುದಿಲ್ಲವೆಂಬುದು ಹಿಂದೆ ಹಣ ಕೊಟ್ಟವರೆಲ್ಲರ ಅನುಭವ. ಮೂರನ್ನು ಮಾತ್ರ ಉಳಿಸಿಕೊಂಡೆವು. ಮೊದಲನೆಯದು, ಬೆಳಗ್ಗೆ 10ರಿಂದ ಸಂಜೆ 4ರವರೆಗೆ ಎರಡು ಮೇಜು ಮತ್ತು ವಿದ್ಯುತ್ ಸಂಪರ್ಕವಿರುವ ಜಾಗ. ಅಲ್ಲಿ ಅವರು ವಿದ್ಯಾರ್ಥಿಗಳ ಲ್ಯಾಪ್‌ಟಾಪ್‌ಗಳನ್ನು ಉಚಿತವಾಗಿ ಪರೀಕ್ಷಿಸಿ ದೂಳು ತೆಗೆದುಕೊಡಬಹುದು. ಎರಡನೆಯದು, ರಸಪ್ರಶ್ನೆಯ ಅಂತಿಮ ಸುತ್ತಿನ ಬಹುಮಾನಕ್ಕೆ ಅವರ ಅಂಗಡಿಯ ಹೆಸರು. ಮೂರನೆಯದು, ಅಂಗಡಿಯ ವಿಳಾಸವಿರುವ ಒಂದು ಚೀಟಿಯನ್ನು ನೋಂದಣಿಯ ವೇಳೆ ಪ್ರತಿಯೊಬ್ಬ ಸ್ಪರ್ಧಿಯ ಕಡತದಲ್ಲಿ ಇಡುವುದು. ಇವಲ್ಲದೆ, ಕಂಪ್ಯೂಟರ್ ವ್ಯಾಪಾರದ ಬೇರೆ ಯಾರಿಂದಲೂ ಈ ವರ್ಷ ಹಣ ಪಡೆಯುವುದಿಲ್ಲವೆಂಬ ಮಾತನ್ನೂ ಸೇರಿಸಿದೆವು. ಇಂಥ ಮಾತನ್ನು ಬರೆದಮೇಲೆ, ಇನ್ನೊಬ್ಬ ವಿದ್ಯಾರ್ಥಿ ತನ್ನ ಮಾವನ ಕಂಪ್ಯೂಟರ್ ಅಂಗಡಿಯಿಂದ ಐದು ಸಾವಿರ ತಂದರೂ ಬೇಡವೆನ್ನುವ ಗಟ್ಟಿತನ ಇರಬೇಕು. ಇಲ್ಲವಾದರೆ ಬರೆಯಲೇಬಾರದು.

ಬೇಡವೆಂದು ಹೊಡೆದುಹಾಕಿದ ಒಂದು ಅಂಶವನ್ನು ನಿಮಗೆ ಹೇಳಲೇಬೇಕು. ‘ಭಾಗವಹಿಸಿದ ಎಲ್ಲ ವಿದ್ಯಾರ್ಥಿಗಳ ಮೊಬೈಲ್ ಸಂಖ್ಯೆಗಳ ಪಟ್ಟಿಯನ್ನು ಒದಗಿಸುತ್ತೇವೆ’ ಎಂದು ಹುಡುಗರು ಬರೆದಿದ್ದರು, ಅದೂ ಪಟ್ಟಿಯ ತಲೆಗೇ. ಸ್ಪರ್ಧೆಗೆ ಬಂದವರು ಸಂಖ್ಯೆ ಕೊಟ್ಟದ್ದು ಸ್ಪರ್ಧೆಯ ಸಮಯ ತಿಳಿಯಲೆಂದು. ಅದನ್ನು ಅವರ ಒಪ್ಪಿಗೆಯಿಲ್ಲದೆ ಅಂಗಡಿಗೆ ದಾಟಿಸುವುದು ಸಭ್ಯತೆಯಲ್ಲ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಸಂಸತ್ತು ಕಾಯ್ದೆಯನ್ನೂ ಮಾಡಿದೆ. ಬದಲಿಗೆ ಮೇಜಿನ ಮೇಲೆ ಅಂಗಡಿಯವರೇ ಒಂದು ಪುಸ್ತಕವನ್ನು ಇಟ್ಟುಕೊಳ್ಳಲಿ, ಬೇಕಾದವರು ತಾವಾಗಿಯೇ ಹೆಸರು ಬರೆಯಲಿ ಎಂದೆವು. ತಾನಾಗಿ ಬರೆದವನೇ ಕೊಳ್ಳುವ ಮನಸ್ಸಿರುವವನಾದ್ದರಿಂದ ಅಂಗಡಿಯವರಿಗೂ ಇದರಿಂದ ನಷ್ಟವಿಲ್ಲ.

ತಿದ್ದಿದ ಪತ್ರ ಹೀಗಿತ್ತು. ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ, ಒಂದೇ ಪುಟದಲ್ಲಿ.

“ವಿಷಯ: ಫೆಬ್ರವರಿ 21ರ ರಸಪ್ರಶ್ನೆ ಸ್ಪರ್ಧೆಯ ಬಹುಮಾನಕ್ಕೆ 15,000 ರೂಪಾಯಿ ಪ್ರಾಯೋಜಕತ್ವ ಮತ್ತು ತಮ್ಮ ಅಂಗಡಿಗೆ ಮಳಿಗೆ.

ಮಾನ್ಯರೇ, ಫೆಬ್ರವರಿ 21, ಶನಿವಾರ ನಮ್ಮ ಕಾಲೇಜಿನಲ್ಲಿ ನಡೆಯುವ ಅಂತರ-ಕಾಲೇಜು ರಸಪ್ರಶ್ನೆ ಮತ್ತು ಚರ್ಚಾ ಸ್ಪರ್ಧೆಗೆ ಸುಮಾರು 200 ವಿದ್ಯಾರ್ಥಿಗಳನ್ನು ನಿರೀಕ್ಷಿಸಿದ್ದೇವೆ. ಕಳೆದ ವರ್ಷ 17 ಕಾಲೇಜುಗಳಿಂದ 192 ಮಂದಿ ಬಂದಿದ್ದರು. ಅವರಲ್ಲಿ 118 ಮಂದಿ ಬಿ.ಸಿ.ಎ. ಮತ್ತು ಬಿ.ಕಾಂ. ಅಂತಿಮ ವರ್ಷದವರು. ಇವರಲ್ಲಿ ಅನೇಕರು ಲ್ಯಾಪ್‌ಟಾಪ್ ಕೊಳ್ಳುವ ಇಲ್ಲವೆ ಇರುವುದನ್ನು ರಿಪೇರಿ ಮಾಡಿಸುವ ಹಂತದಲ್ಲಿರುವುದರಿಂದ ತಮಗೆ ಬರೆಯುತ್ತಿದ್ದೇವೆ.

ರಸಪ್ರಶ್ನೆಯ ಅಂತಿಮ ಸುತ್ತಿನ ಬಹುಮಾನಗಳಿಗಾಗಿ ತಾವು 15,000 ರೂಪಾಯಿ ನೀಡಿದರೆ, ಸಭಾಂಗಣದ ಬಾಗಿಲ ಬಳಿ ಬೆಳಗ್ಗೆ 10ರಿಂದ ಸಂಜೆ 4ರವರೆಗೆ ಎರಡು ಮೇಜು ಹಾಗೂ ವಿದ್ಯುತ್ ಸಂಪರ್ಕವಿರುವ ಮಳಿಗೆಯನ್ನು ಒದಗಿಸುತ್ತೇವೆ. ಅಂತಿಮ ಸುತ್ತಿನ ಬಹುಮಾನ ತಮ್ಮ ಅಂಗಡಿಯ ಹೆಸರಿನಲ್ಲಿರುತ್ತದೆ. ತಾವು ಅಚ್ಚು ಮಾಡಿಸಿಕೊಟ್ಟ ಚೀಟಿಯನ್ನು ಪ್ರತಿ ಸ್ಪರ್ಧಿಯ ಕಡತದಲ್ಲಿ ಇಡುತ್ತೇವೆ. ಕಂಪ್ಯೂಟರ್ ವ್ಯಾಪಾರದ ಬೇರೆ ಪ್ರಾಯೋಜಕರನ್ನು ಈ ವರ್ಷ ತೆಗೆದುಕೊಳ್ಳುವುದಿಲ್ಲ.

ಸ್ಪರ್ಧೆಯ ಒಟ್ಟು ವೆಚ್ಚ 64,000 ರೂಪಾಯಿ. ಇದರಲ್ಲಿ 39,000 ಪ್ರವೇಶ ಶುಲ್ಕ ಮತ್ತು ಕಾಲೇಜಿನ ನಿಧಿಯಿಂದ ಬರುತ್ತದೆ. ವಿವರವಾದ ಲೆಕ್ಕವನ್ನು ಲಗತ್ತಿಸಿದೆ. ಹಣವನ್ನು ಪ್ರಾಂಶುಪಾಲರ ಹೆಸರಿನ ಖಾತೆಗೆ ಚೆಕ್ ಮೂಲಕ ನೀಡಬೇಕಾಗಿ ವಿನಂತಿ; ಕಾಲೇಜಿನ ರಸೀದಿಯನ್ನು ಅದೇ ದಿನ ತಲುಪಿಸುತ್ತೇವೆ. ಪ್ರಮಾಣಪತ್ರಗಳು ಫೆಬ್ರವರಿ 10ರಂದು ಅಚ್ಚಿಗೆ ಹೋಗುವುದರಿಂದ 7ನೇ ತಾರೀಖಿನೊಳಗೆ ತಮ್ಮ ನಿರ್ಧಾರ ತಿಳಿದರೆ ಅನುಕೂಲ. ಸ್ಪರ್ಧೆ ಮುಗಿದ ಹತ್ತು ದಿನಗಳಲ್ಲಿ ಹಾಜರಾತಿ, ಖರ್ಚಿನ ಲೆಕ್ಕ ಮತ್ತು ಛಾಯಾಚಿತ್ರಗಳಿರುವ ವರದಿಯನ್ನು ತಮಗೆ ಒಪ್ಪಿಸುತ್ತೇವೆ.”

ಇದರಲ್ಲಿ ‘ಮಾನ್ಯರೇ’ ಉಳಿದಿದೆ, ‘ತಾವು’ ಉಳಿದಿದೆ, ‘ವಿನಂತಿ’ಯೂ ಉಳಿದಿದೆ. ಬೇಡುವ ದನಿಯನ್ನು ತೆಗೆಯಬೇಕೆಂದ ಕೂಡಲೇ ಕೆಲವರು ಇವನ್ನೂ ಕಿತ್ತುಹಾಕಿ ಒರಟಾಗಿ ಬರೆಯುತ್ತಾರೆ. ‘ಇಂಥ ಸುವರ್ಣಾವಕಾಶವನ್ನು ಕಳೆದುಕೊಳ್ಳಬೇಡಿ’ ಎಂದು ಚಿಟ್‌ಫಂಡಿನವರ ಧಾಟಿ ಹಿಡಿಯುವವರೂ ಇದ್ದಾರೆ. ಹಿರಿಯ ವ್ಯಾಪಾರಿಯೊಬ್ಬರಿಗೆ ಹತ್ತೊಂಬತ್ತು ವರ್ಷದ ಹುಡುಗ ‘ತಾವು’ ಎನ್ನುವುದು ನಮ್ಮಲ್ಲಿ ಸಹಜವಾದ ಮರ್ಯಾದೆ. ಹೊರಗೆ ಹೋದದ್ದು ‘ಉದಾರ ಮನಸ್ಸಿನವರಾದ’ ಎಂಬ ಹೊಗಳಿಕೆ. ಅವರ ಮನಸ್ಸನ್ನು ನಾವು ನೋಡಿಲ್ಲ, ಅಂಗಡಿಯನ್ನು ಮಾತ್ರ ನೋಡಿದ್ದೇವೆ.

ಖಾತೆಯ ವಿಷಯವನ್ನು ಸಣ್ಣದೆಂದು ಬಿಡಬೇಡಿ. ಹಿಂದಿನ ವರ್ಷ ಕಾರ್ಯದರ್ಶಿಯ ಸ್ವಂತ ಯುಪಿಐ ಸಂಖ್ಯೆಯನ್ನೇ ಪತ್ರದಲ್ಲಿ ಹಾಕಿದ್ದೆವು; ವ್ಯಾಪಾರಿಗಳು ಅದನ್ನು ನೋಡಿ ಪತ್ರವನ್ನು ಮಡಚಿಡುತ್ತಿದ್ದರೆಂದು ಆಮೇಲೆ ತಿಳಿಯಿತು. ತಮ್ಮ ಲೆಕ್ಕಪುಸ್ತಕದಲ್ಲಿ ತೋರಿಸಲು ಅವರಿಗೆ ಸಂಸ್ಥೆಯ ಹೆಸರಿನ ಕಾಗದ ಬೇಕು. ಕೆಲವರು ಜಿಎಸ್‌ಟಿ ಬಿಲ್ಲನ್ನೂ ಕೇಳುತ್ತಾರೆ. ಕೊಡಲು ಬರುತ್ತದೆಯೋ ಇಲ್ಲವೋ ಎಂಬುದನ್ನು ಪತ್ರ ಹೊರಡುವ ಮೊದಲೇ ಕಾಲೇಜಿನ ಲೆಕ್ಕಶಾಖೆಯಲ್ಲಿ ವಿಚಾರಿಸಿಟ್ಟುಕೊಳ್ಳಿ, ಅಂಗಡಿಯಲ್ಲಿ ನಿಂತು ತಲೆ ಕೆರೆದುಕೊಳ್ಳಬೇಡಿ.

ಪತ್ರದ ಫಲವನ್ನೂ ಹೇಳಿಬಿಡುತ್ತೇನೆ. ಯಜಮಾನರು ಈ ಬಾರಿ ಕುಳಿತು ಓದಿದರು, ಲಗತ್ತಿಸಿದ ಲೆಕ್ಕವನ್ನು ತಿರುವಿ ನೋಡಿದರು, “ಊಟಕ್ಕೆ ತೊಂಬತ್ತು ಜಾಸ್ತಿಯಾಯಿತಲ್ಲವೇ?” ಎಂದು ಕೇಳಿದರು. ಹದಿನೈದಲ್ಲ, ಹನ್ನೆರಡು ಸಾವಿರ ಕೊಡುವುದಾಗಿ ಹೇಳಿ, ಉಳಿದ ಮೂರು ಸಾವಿರಕ್ಕೆ ಬದಲಾಗಿ ಅಂಕಗಳನ್ನು ಪರದೆಯ ಮೇಲೆ ತೋರಿಸಲು ಎರಡು ಲ್ಯಾಪ್‌ಟಾಪ್‌ಗಳನ್ನು ಒಬ್ಬ ಹುಡುಗನ ಸಮೇತ ಕಳುಹಿಸುತ್ತೇನೆಂದರು. ಹಣದ ಚೌಕಾಸಿಗೆ ಹುಡುಗರು ಬೇಸರಪಟ್ಟರು. ನನಗೆ ಮಾತ್ರ ಸಂತೋಷವಾಯಿತು, ಏಕೆಂದರೆ ಚಂದಾ ಕೊಡುವವರು ಚೌಕಾಸಿ ಮಾಡುವುದಿಲ್ಲ.

ಅವರು ಕೇಳಿದ ಇನ್ನೊಂದು ಬದಲಾವಣೆ ನಮಗೆ ಹೊಳೆದೇ ಇರಲಿಲ್ಲ. ಮಳಿಗೆ ಸಭಾಂಗಣದ ಬಾಗಿಲಲ್ಲಿ ಬೇಡ, ಊಟದ ಸಾಲು ನಿಲ್ಲುವ ಕಡೆ ಕೊಡಿ ಎಂದರು. ಬಾಗಿಲಲ್ಲಿ ಎಲ್ಲರೂ ಒಳಗೆ ಹೋಗುವ ಅವಸರದಲ್ಲಿರುತ್ತಾರೆ, ಊಟದ ಸಾಲಿನಲ್ಲಾದರೆ ಇಪ್ಪತ್ತು ನಿಮಿಷ ಸುಮ್ಮನೆ ನಿಂತಿರುತ್ತಾರೆ ಎಂಬುದು ಅವರ ವಾದ. ಪತ್ರದಲ್ಲಿ ಆ ಒಂದು ಸಾಲನ್ನು ತಿದ್ದಿ, ಮೊತ್ತವನ್ನು ಬದಲಿಸಿ, ಲ್ಯಾಪ್‌ಟಾಪ್‌ಗಳ ಮಾತನ್ನು ಸೇರಿಸಿ, ಎರಡೂ ಕಡೆಯ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಂಡೆವು. ಸ್ಪರ್ಧೆಯ ದಿನ 31 ಲ್ಯಾಪ್‌ಟಾಪ್‌ಗಳು ಪರೀಕ್ಷೆಗೆ ಬಂದವು. ವರದಿ ಬರೆಯುವಾಗ ಕಾರ್ಯದರ್ಶಿ ‘ಐವತ್ತಕ್ಕೂ ಹೆಚ್ಚು’ ಎಂದು ಬರೆದಿದ್ದ. ನಾನು ಕೇಳುವ ಮೊದಲೇ ಅದನ್ನು ತಾನಾಗಿಯೇ ಹೊಡೆದು, 31 ಎಂದು ತಿದ್ದಿಕೊಂಡು ತಂದ.